ಪರದೆಯ ಮೇಲೆ ಎರರ್ ಬಂದಿದೆ: ಫೋನಿನಲ್ಲೇ ಹೇಳಿ ಅದರ ಚಿತ್ರ ತೆಗೆಸುವ ಬಗೆ

“ಸಾರ್, ಏನೋ ಎರರ್ ಬಂತು.”

“ಏನಂತ ಬಂದಿತ್ತು?”

“ಇಂಗ್ಲಿಷಿನಲ್ಲಿ ಏನೋ ಇತ್ತು. ಓಕೆ ಒತ್ತಿದೆ, ಹೋಯ್ತು.”

ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾರುವವರು, ಸಹಕಾರ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವರು, ಸೋಲಾರ್ ಇನ್ವರ್ಟರ್ ರಿಪೇರಿ ಮಾಡುವವರು, ಹೀಗೆ ಯಾರ ಹೆಲ್ಪ್‌ಡೆಸ್ಕಿನ ಹತ್ತಿರ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಹೆಲ್ಪ್‌ಡೆಸ್ಕ್ ಎಂದರೆ ದೊಡ್ಡ ಕಾಲ್ ಸೆಂಟರೇ ಆಗಬೇಕಿಲ್ಲ. ಒಂದು ಮೇಜು, ಒಂದು ಫೋನು, ಉತ್ತರ ಕೊಡುವವರು ಒಬ್ಬರು ಇದ್ದರೆ ಸಾಕು. ಅವರಿಗೆ ಬೇಕಾಗಿರುವುದು ಆ ಪರದೆಯ ಚಿತ್ರ. ಗ್ರಾಹಕರ ಕೈಯಲ್ಲಿರುವುದು ಮಾತ್ರ ಅವರಿಗೇ ಇನ್ನೂ ಒಗ್ಗದ ಹೊಸ ಫೋನು. ಡೆಸ್ಕಿನವರಿಗಂತೂ ಅದು ಕಣ್ಣಿಗೇ ಕಾಣುವುದಿಲ್ಲ.

ಈ ಸಂದರ್ಭಕ್ಕೆಂದೇ ಬರೆದಿಟ್ಟುಕೊಳ್ಳುವ ಮಾತುಗಳ ಕ್ರಮಕ್ಕೆ ಫೋನ್ ಸ್ಕ್ರಿಪ್ಟ್ ಎನ್ನುತ್ತಾರೆ. ಮೊದಲು ಏನು ಕೇಳಬೇಕು, ಉತ್ತರ ಹೀಗೆ ಬಂದರೆ ಮುಂದೇನು, ಹಾಗೆ ಬಂದರೆ ಮುಂದೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕ ಇಟ್ಟುಕೊಳ್ಳುವುದು. ನೀವು ಯಾವ ಡೆಸ್ಕಿನಲ್ಲೂ ಇಲ್ಲದಿರಬಹುದು, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಬೆಂಗಳೂರಿನಿಂದ ಫೋನಿನಲ್ಲಿ ಹೇಳಿಕೊಡುವವರಾಗಿರಬಹುದು. ಆಗಲೂ ಇದೇ ಕ್ರಮ ನಡೆಯುತ್ತದೆ.

ಚಿತ್ರವೇ ಏಕೆ, ಓದಿ ಹೇಳಿದರೆ ಸಾಲದೇ ಎಂದು ನೀವು ಕೇಳಬಹುದು. ಓದುವುದೂ ಬೇಕು, ಅದರ ಮಾತು ಮುಂದೆ ಬರುತ್ತದೆ. ಆದರೆ ಓದುವವರು ತಮಗೆ ಮುಖ್ಯ ಎನಿಸಿದ್ದನ್ನು ಮಾತ್ರ ಓದುತ್ತಾರೆ. ಮೂಲೆಯಲ್ಲಿರುವ ಗಡಿಯಾರ, ನೆಟ್‌ವರ್ಕಿನ ಗುರುತು, ಹಿಂದೆ ಮಸುಕಾಗಿ ಕಾಣುವ ಬಿಲ್ಲು, ಇವನ್ನು ಯಾರೂ ಓದಿ ಹೇಳುವುದಿಲ್ಲ. ಎಷ್ಟೋ ಸಲ ದೋಷದ ಮೂಲ ಇರುವುದು ಅಲ್ಲೇ.

ಮೊದಲ ಮಾತು: ಏನನ್ನೂ ಒತ್ತಬೇಡಿ

ಕರೆ ಎತ್ತಿದ ಕೂಡಲೇ ಹೆಸರು, ಊರು, ಗ್ರಾಹಕ ಸಂಖ್ಯೆ ಕೇಳುವುದು ಎಲ್ಲ ಡೆಸ್ಕಿನ ರೂಢಿ. ಈ ಕರೆಯಲ್ಲಿ ಅದನ್ನು ಸ್ವಲ್ಪ ಹಿಂದಕ್ಕೆ ಹಾಕಿ. ನೀವು ಗ್ರಾಹಕ ಸಂಖ್ಯೆ ಬರೆದುಕೊಳ್ಳುವಷ್ಟರಲ್ಲಿ ಅವರು ಸುಮ್ಮನೆ ಕೂರದೆ ಓಕೆ ಒತ್ತಿರುತ್ತಾರೆ. ಆದ್ದರಿಂದ ಮೊದಲ ವಾಕ್ಯ ಇದು: “ಅದು ಹಾಗೇ ಇರಲಿ, ಸದ್ಯಕ್ಕೆ ಏನನ್ನೂ ಒತ್ತಬೇಡಿ.” ಎರಡನೆಯದು: “ಮಧ್ಯೆ ಕರೆ ಕಟ್ ಆದರೆ ಗಾಬರಿಯಾಗಬೇಡಿ, ಇದೇ ನಂಬರಿಗೆ ನಾನೇ ತಿರುಗಿ ಮಾಡುತ್ತೇನೆ.” ಈ ಎರಡನೆಯ ಮಾತಿಗೂ ಕಾರಣವಿದೆ. ಕೆಲವು ಫೋನುಗಳಲ್ಲಿ ಪವರ್ ಬಟನ್ ಒತ್ತಿದರೆ ಕರೆಯೇ ಮುಗಿಯುವ ಸೆಟ್ಟಿಂಗ್ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಬಟನ್ನನ್ನು ಒತ್ತಿಸುವವರು ನೀವೇ.

ಮೂರನೆಯದು ಪ್ರಶ್ನೆ: “ಎರರ್ ಬಂದ ಫೋನಿನಿಂದಲೇ ಮಾತಾಡುತ್ತಿದ್ದೀರಾ, ಬೇರೆ ಫೋನಿನಿಂದಲಾ?” ಇಲ್ಲಿ ದಾರಿ ಎರಡಾಗುತ್ತದೆ. ಬೇರೆ ಫೋನಿನಿಂದಾದರೆ ನಿಮ್ಮ ಕೆಲಸ ಹಗುರ. ಬೇರೇನೂ ಆಗದಿದ್ದರೆ ಆ ಎರಡನೆಯ ಫೋನಿನ ಕ್ಯಾಮೆರಾದಲ್ಲೇ ಫೋಟೊ ತೆಗೆಸಬಹುದು. ಅದೇ ಫೋನಿನಿಂದ ಮಾತಾಡುತ್ತಿದ್ದರೆ ಎರರ್ ಪರದೆ ಈಗ ಕರೆಯ ಪರದೆಯ ಹಿಂದೆ ಅಡಗಿದೆ. ಕಿವಿಗೆ ಹಿಡಿದಾಗ ಪರದೆ ತಾನಾಗಿ ಕಪ್ಪಾಗುವುದೂ ಉಂಟು. ಹಾಗಾಗಿ ಮೊದಲು ಸ್ಪೀಕರ್ ಹಾಕಿಸಿ. ಆಮೇಲೆ ತೆರೆದಿರುವ ಆ್ಯಪ್‌ಗಳ ಸಾಲಿಗೆ ಹೋಗಿಸಿ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಮತ್ತು ಹೋಮ್ ಬಟನ್ ಇಲ್ಲದ ಐಫೋನುಗಳಲ್ಲಿ ಕೆಳಗಿನ ಅಂಚಿನಿಂದ ಬೆರಳನ್ನು ಮೇಲಕ್ಕೆಳೆದು ಅರ್ಧದಲ್ಲಿ ನಿಲ್ಲಿಸಿದರೆ ಅವು ಕಾಣುತ್ತವೆ. ಕೆಳಗೆ ಮೂರು ಗುರುತುಗಳಿರುವ ಆಂಡ್ರಾಯ್ಡ್ ಫೋನಾದರೆ ಚೌಕದ ಗುರುತನ್ನೋ ಮೂರು ಗೆರೆಯ ಗುರುತನ್ನೋ ಮುಟ್ಟಬೇಕು.

ಪರದೆ ಕಂಡ ಮೇಲೆ, ಚಿತ್ರಕ್ಕೆ ಮುಂಚೆ, ಓದಿಸಿ. ಚಿತ್ರ ತೆಗೆಯುವಾಗ ಎರರ್ ಮಾಯವಾದರೂ ಕೈಯಲ್ಲಿ ಒಂದಿಷ್ಟು ಉಳಿದಿರಲಿ ಎಂದು ಈ ಕ್ರಮ. ಇಂಗ್ಲಿಷ್ ಓದಲು ಬಾರದವರಿಗೆ “ಓದಿ” ಎಂದರೆ ಮುಜುಗರವಾಗುತ್ತದೆ. ಅದರ ಬದಲು “ಅದರಲ್ಲಿ ಅಂಕಿ ಏನಾದರೂ ಇದೆಯಾ, ಒಂದೊಂದಾಗಿ ಹೇಳಿ” ಎಂದು ಕೇಳಿ. ಅಂಕಿಗಳನ್ನು ಹೆಚ್ಚಿನವರು ಗುರುತಿಸುತ್ತಾರೆ, ಎರರ್ ಕೋಡ್ ಎಂಬುದು ಬಹುಮಟ್ಟಿಗೆ ಅಂಕಿಗಳೇ. ಆಮೇಲೆ ಎಷ್ಟು ಸಾಲು ಇದೆ, ಯಾವ ಬಣ್ಣ, ಕೆಳಗೆ ಎಷ್ಟು ಬಟನ್ ಎಂದು ಕೇಳಿ. ಹೇಳಿದ್ದನ್ನು ನೀವು ತಿರುಗಿ ಓದಿ ಒಪ್ಪಿಗೆ ಪಡೆಯಿರಿ.

ಮಾಡೆಲ್ ಕೇಳಬೇಡಿ, ಬಟನ್ ಕೇಳಿ

“ಯಾವ ಕಂಪನಿ? ಯಾವ ಮಾಡೆಲ್?” ಎಂಬ ಪ್ರಶ್ನೆಯಲ್ಲೇ ಹೆಚ್ಚಿನ ಕರೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಗ್ರಾಹಕರಿಗೆ ಅದು ಗೊತ್ತಿರುವುದಿಲ್ಲ. ಹಿಂಭಾಗದಲ್ಲಿರುವ ಹೆಸರನ್ನು ಬ್ಯಾಕ್ ಕವರ್ ಮುಚ್ಚಿರುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ನೋಡಿ ಎಂದರಂತೂ ಎರರ್ ಪರದೆ ಬಿಟ್ಟು ಹೊರಟಂತೆಯೇ. ಮಾಡೆಲ್ ನಿಮಗೆ ಬೇಕಾಗಿಯೂ ಇಲ್ಲ. ಬೇಕಾಗಿರುವುದು ಬಟನ್ ಎಲ್ಲೆಲ್ಲಿವೆ ಎಂಬುದಷ್ಟೇ. ಅದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಹೇಳಬಹುದು.

ಮೊದಲು ಕೇಳಿ: “ಫೋನಿನ ಬೆನ್ನ ಮೇಲೆ ಕಚ್ಚಿದ ಸೇಬಿನ ಚಿತ್ರ ಇದೆಯಾ?” ಇದ್ದರೆ ಐಫೋನ್. ಇಲ್ಲದಿದ್ದರೆ ಅದನ್ನು ಆಂಡ್ರಾಯ್ಡ್ ಎಂದೇ ಹಿಡಿಯಿರಿ. ಐಫೋನ್ ಆದರೆ ಇನ್ನೊಂದು ಪ್ರಶ್ನೆ: “ಗಾಜಿನ ಕೆಳಗೆ, ನಡುವೆ ದುಂಡನೆಯ ಬಟನ್ ಇದೆಯಾ?” ಇದ್ದರೆ ಆ ದುಂಡು ಬಟನ್ನನ್ನೂ ಪವರ್ ಬಟನ್ನನ್ನೂ ಒಟ್ಟಿಗೆ ಒತ್ತಿ ಬಿಡಬೇಕು. ಇಲ್ಲದಿದ್ದರೆ ಬಲ ಅಂಚಿನ ಬಟನ್ ಮತ್ತು ಎಡ ಅಂಚಿನಲ್ಲಿರುವ ವಾಲ್ಯೂಮ್ ಹೆಚ್ಚಿಸುವ ಬಟನ್.

ಆಂಡ್ರಾಯ್ಡಿನಲ್ಲಿ ಪವರ್ ಮತ್ತು ವಾಲ್ಯೂಮ್ ತಗ್ಗಿಸುವ ಬಟನ್ ಒಟ್ಟಿಗೆ. 2011ರಲ್ಲಿ ಬಂದ ಆಂಡ್ರಾಯ್ಡ್ 4.0ದಿಂದ ಈ ಜೋಡಿ ಇದೆ, ಇಂದಿಗೂ ಹೆಚ್ಚಿನ ಫೋನುಗಳಲ್ಲಿ ನಡೆಯುತ್ತದೆ. ದುಂಡು ಅಥವಾ ಉದ್ದನೆಯ ಹೋಮ್ ಬಟನ್ ಇದ್ದ ಹಳೆಯ ಸ್ಯಾಮ್‌ಸಂಗ್ ಫೋನುಗಳು ಮಾತ್ರ ಬೇರೆ, ಅಲ್ಲಿ ಹೋಮ್ ಮತ್ತು ಪವರ್. ಹಾಗಾಗಿ ಆಂಡ್ರಾಯ್ಡಿನಲ್ಲೂ ಕೆಳಗೆ ನಿಜವಾಗಿ ಒತ್ತುವ ಬಟನ್ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಯಾವುದು ಪವರ್, ಯಾವುದು ವಾಲ್ಯೂಮ್ ಎಂದು ತಿಳಿಯಲು ಒತ್ತಿ ನೋಡಿಸಬೇಡಿ. ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ಉದ್ದವಾಗಿರುವುದು, ಇಲ್ಲವೇ ಎರಡು ತುಂಡಾಗಿರುವುದು ವಾಲ್ಯೂಮ್. ಚಿಕ್ಕದಾಗಿ ಒಂಟಿಯಾಗಿರುವುದು ಪವರ್. ಉದ್ದನೆಯದರ ಕೆಳತುದಿ ತಗ್ಗಿಸುವುದಕ್ಕೆ. ಇಷ್ಟು ಹೇಳಿದರೆ ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಬಟನ್ ಒತ್ತಲು ಬೆರಳು ಆಡದವರಿಗೆ, ಬಟನ್ ಕೆಟ್ಟ ಫೋನಿಗೆ ಬೇರೆ ದಾರಿಯೂ ಇದೆ. ಷಓಮಿ, ಒಪ್ಪೊ, ರಿಯಲ್‌ಮಿಯಂಥ ಹಲವು ಫೋನುಗಳಲ್ಲಿ ಮೂರು ಬೆರಳನ್ನು ಪರದೆಯ ಮೇಲಿಟ್ಟು ಕೆಳಕ್ಕೆಳೆದರೆ ಚಿತ್ರ ಸಿಗುತ್ತದೆ. ಆ ಸೆಟ್ಟಿಂಗ್ ಆಫ್ ಆಗಿದ್ದರೆ ಮಾತ್ರ ಆ್ಯಪಿನ ಪುಟ ಅಲುಗುತ್ತದೆ ಅಷ್ಟೇ. ಅದಕ್ಕೇ ನಾನು ಇದನ್ನು ಎರಡನೆಯ ಉಪಾಯವಾಗಿ ಇಡುತ್ತೇನೆ. ಮೇಲಿನಿಂದ ಪರದೆಯನ್ನು ಕೆಳಕ್ಕೆಳೆದಾಗ ಕಾಣುವ ಗುಂಡಿಗಳ ಸಾಲಿನಲ್ಲಿ Screenshot ಎಂಬುದು ಇದ್ದರೆ ಅದನ್ನೂ ಮುಟ್ಟಬಹುದು.

ಒತ್ತಿದ ಮೇಲೆ ಏನಾಯಿತು?

ಸ್ಕ್ರಿಪ್ಟಿನಲ್ಲಿ ಅತಿ ಹೆಚ್ಚು ಜಾಗ ಕೊಡಬೇಕಾದದ್ದು ಇಲ್ಲಿ. “ಆಯ್ತಾ?” ಎಂದು ಕೇಳಿದರೆ ಗ್ರಾಹಕರು ಸೌಜನ್ಯಕ್ಕೆ “ಆಯ್ತು” ಎನ್ನುತ್ತಾರೆ. ಅದರಿಂದ ನಿಮಗೇನೂ ತಿಳಿಯದು. “ಒತ್ತಿದ ಕೂಡಲೇ ಏನು ಕಂಡಿತು?” ಎಂದು ಕೇಳಿ. ಉತ್ತರದಲ್ಲೇ ತಪ್ಪು ಎಲ್ಲಾಯಿತೆಂದು ಗೊತ್ತಾಗುತ್ತದೆ.

ಪರದೆ ಕಪ್ಪಾಯಿತು ಎಂದರೆ ಪವರ್ ಬಟನ್ ಮಾತ್ರ ಒತ್ತಿದೆ. ಫೋನಿನ ಬೀಗ ತೆಗೆದರೆ ಎರರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪಟ್ಟಿಯೊಂದು ಮೂಡಿ ನಿಮ್ಮ ಧ್ವನಿ ಸಣ್ಣದಾಯಿತು ಎಂದರೆ ವಾಲ್ಯೂಮ್ ಮಾತ್ರ ಒತ್ತಿದೆ. ಪವರ್ ಆಫ್, ರೀಸ್ಟಾರ್ಟ್ ಎಂಬ ಆಯ್ಕೆಗಳು ಬಂದವು ಎಂದರೆ ಬಹಳ ಹೊತ್ತು ಹಿಡಿದಿದ್ದಾರೆ, ಇಲ್ಲವೇ ವಾಲ್ಯೂಮಿನ ಮೇಲ್ತುದಿ ಒತ್ತಿದ್ದಾರೆ. ಆಗ “ಏನನ್ನೂ ಆರಿಸಬೇಡಿ, ಖಾಲಿ ಜಾಗ ಮುಟ್ಟಿ” ಎನ್ನಬೇಕು. ಐಫೋನಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎರಡೂ ಬದಿಯ ಬಟನ್ ಹಿಡಿದೇ ಇದ್ದರೆ ತುರ್ತು ಕರೆಯ ಎಣಿಕೆ ಶುರುವಾಗಬಹುದು. ಪವರ್ ಬಟನ್ನನ್ನು ಬೇಗಬೇಗ ಹಲವು ಸಲ ಒತ್ತುವುದೂ ಬೇಡ. ನಮ್ಮ ದೇಶದಲ್ಲಿ ಸ್ಮಾರ್ಟ್‌ಫೋನಿನ ಪವರ್ ಬಟನ್ನನ್ನು ಮೂರು ಸಲ ಬೇಗನೆ ಒತ್ತಿದರೆ 112ಕ್ಕೆ ತುರ್ತು ಕರೆ ಹೋಗುವ ಏರ್ಪಾಡಿದೆ.

ಸರಿಯಾಗಿ ಆಗಿದ್ದರೆ ಪರದೆ ಒಂದು ಕ್ಷಣ ಮಿಂಚಿ, ಮೂಲೆಯಲ್ಲೋ ಕೆಳಗೋ ಪುಟ್ಟ ಚಿತ್ರವೊಂದು ಕಾಣಿಸಿಕೊಳ್ಳುತ್ತದೆ. ಆ ಪುಟ್ಟ ಚಿತ್ರದ ಮಾತು ಗ್ರಾಹಕರ ಬಾಯಿಂದಲೇ ಬರಲಿ.

ಒಂದು ಕರೆ ಹೇಗೆ ಸಾಗುತ್ತದೆ ನೋಡೋಣ. ಮಾದರಿಗೆಂದು ಕಟ್ಟಿದ ಕರೆ ಇದು. ಡೆಸ್ಕು ಹುಬ್ಬಳ್ಳಿಯಲ್ಲಿದೆ, ಕರೆ ಮಾಡಿದವರು ಹಾವೇರಿ ಕಡೆಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸುವ ಹೆಣ್ಣುಮಗಳು.

“ಅಣ್ಣಾರ, ಬಿಲ್ ಮಾಡಾಕ ಹೋದ್ರ ಕೆಂಪಂದು ಏನೋ ಬಂದು ನಿಂತೈತ್ರಿ. ಮಗಾ ಹೊಸಾ ಫೋನ್ ಕೊಟ್ಟು ಹೋಗ್ಯಾನ್ರಿ. ನನಗ ಇದು ತಿಳಿಯಂಗಿಲ್ರಿ.”

“ಇರ್ಲಿ ಬಿಡ್ರಿ ಅಕ್ಕಾರ, ನಾ ಹೇಳ್ತೀನಿ. ಅದು ಹಂಗ ಇರ್ಲಿ, ಏನೂ ಒತ್ತಬ್ಯಾಡ್ರಿ. ಫೋನ್ ಕಟ್ ಆದ್ರ ನಾನ ಹಚ್ತೀನಿ. ಈಗ ಮಾತಾಡೂದು ಅದ ಫೋನಿನ್ಯಾಗ ಏನ್ರಿ?”

“ಹೌದ್ರಿ, ಇದರಾಗ.”

“ಸ್ಪೀಕರ್ ಹಾಕಿ ಫೋನ್ ಕಣ್ಣ ಮುಂದ ಹಿಡೀರಿ. ಕೆಳಗಿನ ಅಂಚಿನಿಂದ ಬೆರಳು ಮ್ಯಾಲಕ್ಕ ಎಳದು ನಡುವ ನಿಲ್ಲಸ್ರಿ. ಏನ್ ಕಾಣಸ್ತೈತಿ?”

“ಸಣ್ಣ ಸಣ್ಣ ಪುಟ ಬಂದ್ವು ನೋಡ್ರಿ. ಒಂದರಾಗ ನಮ್ಮ ಬಿಲ್ ಐತಿ.”

“ಆ ಬಿಲ್ಲಿಂದು ಮುಟ್ಟ್ರಿ. ಕೆಂಪಂದು ಬಂತ?”

“ಬಂತ್ರಿ.”

“ಅದರಾಗ ಅಂಕಿ ಇದ್ರ ಒಂದೊಂದ ಹೇಳ್ರಿ.”

“ಒಂದು, ಸೊನ್ನೆ, ನಾಕು, ಏಳು.”

“ಒಂದು ಸೊನ್ನೆ ನಾಕು ಏಳು. ಬರಕೊಂಡೆ. ಈಗ ಫೋನಿನ ಅಂಚು ಮುಟ್ಟಿ ನೋಡ್ರಿ, ಒತ್ತಬ್ಯಾಡ್ರಿ. ಬಟನ್ ಯಾವ ಕಡೆ ಅದಾವು?”

“ಬಲಕ್ಕ ಎರಡೂ ಅದಾವ್ರಿ. ಒಂದು ಉದ್ದಂದು, ಅದರ ಕೆಳಗ ಗಿಡ್ಡಂದು.”

“ಎಡಗೈಯಾಗ ಫೋನ್ ಹಿಡೀರಿ. ಬಲಗೈ ತೋರಬೆರಳು ಉದ್ದಂದರ ಕೆಳತುದಿಗೆ, ಹೆಬ್ಬಟ್ಟು ಗಿಡ್ಡಂದಕ್ಕ. ನಾ ಮೂರು ಅಂದಾಗ ಎರಡೂ ಕೂಡೇ ಒತ್ತಿ ಬಿಡ್ರಿ. ಒಂದು, ಎರಡು, ಮೂರು.”

“ಕಪ್ಪಾತಲ್ರಿ!”

“ಏನಾಗಿಲ್ರಿ, ಗಿಡ್ಡಂದು ಮೊದಲ ಒತ್ತೈತಿ ಅಷ್ಟ. ಫೋನ್ ತೆರೀರಿ. ಕೆಂಪಂದು ಐತಿಲ್ಲ? ಈ ಸಲ ತೋರಬೆರಳು ಒಂಚೂರು ಮೊದಲ ಒತ್ರಿ, ಕೂಡಲೇ ಹೆಬ್ಬಟ್ಟು.”

“ಹಾಂ, ಮಿಂಚಿತ್ರಿ. ಮೂಲ್ಯಾಗ ಸಣ್ಣ ಚಿತ್ರ ಬಂದೈತಿ.”

“ಆ ಚಿತ್ರ ಮುಟ್ಟಿ ನೋಡ್ರಿ. ಅದರಾಗ ಕೆಂಪ ಅಕ್ಷರ ಅದಾವ?”

“ಅದಾವ್ರಿ.”

ಈ ಮಾತಿನಲ್ಲಿ ಗಮನಿಸಬೇಕಾದದ್ದು, ಡೆಸ್ಕಿನವರು ಒಂದು ಸಲಕ್ಕೆ ಒಂದೇ ಕೆಲಸ ಹೇಳಿದ್ದು. ಮುಂದಿನದಕ್ಕೆ ಹೋಗುವ ಮುನ್ನ ಕಂಡದ್ದನ್ನು ಕೇಳಿದ್ದಾರೆ. ಅವರು ಬಳಸಿದ ಪದಗಳೂ ಗ್ರಾಹಕಿಯವೇ: “ಕೆಂಪಂದು”, “ಗಿಡ್ಡಂದು”. ಡೈಲಾಗ್ ಬಾಕ್ಸ್, ಪವರ್ ಕೀ ಎಂಬ ಮಾತು ಬರಲೇ ಇಲ್ಲ.

ಇನ್ನು ಕಳಿಸುವುದು. ಇಲ್ಲಿ ಹೊಸಬರು ಎಡವುವ ಕಲ್ಲೊಂದಿದೆ. ಕೆಲವು ಫೋನುಗಳಲ್ಲಿ, ಕೆಲವು ಸಿಮ್‌ಗಳಲ್ಲಿ ಕರೆ ನಡೆಯುತ್ತಿರುವಾಗ ಇಂಟರ್‌ನೆಟ್ ನಿಂತುಹೋಗುತ್ತದೆ. ಫೋರ್‌ಜಿಯಲ್ಲೇ ಮಾತು ಸಾಗಿಸುವ ವೋಲ್ಟಿ ಸೌಲಭ್ಯ ಆಫ್ ಆಗಿದ್ದರೆ ಹೀಗಾಗುತ್ತದೆ. ಕರೆ ಒಂದು ಸಿಮ್ಮಿನಲ್ಲಿದ್ದು ಇಂಟರ್‌ನೆಟ್ ಇನ್ನೊಂದರಲ್ಲಿದ್ದಾಗಲೂ ಆಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಗಡಿಯಾರದ ಗುರುತು ಸುಮ್ಮನೆ ನಿಂತಿರುತ್ತದೆ, ಗ್ರಾಹಕರು ತಮ್ಮದೇ ತಪ್ಪೆಂದು ಮತ್ತೆ ಮತ್ತೆ ಕಳಿಸುತ್ತಾರೆ. ಆದ್ದರಿಂದ “ಕಳಿಸುವ ಗುರುತು ಒತ್ತಿ ಕರೆ ಇಟ್ಟುಬಿಡಿ, ಐದು ನಿಮಿಷಕ್ಕೆ ನಾನೇ ಮಾಡುತ್ತೇನೆ” ಎಂದು ಹೇಳಿ. ಹೇಳಿದ ಹೊತ್ತಿಗೆ ಮಾಡಿ.

ಹಾವೇರಿಯ ಚಿತ್ರ ಬಂತು. ಅದರಲ್ಲಿ ಹೀಗಿತ್ತು:

```
Bill not saved
Date mismatch. Code 1047
```

ಕೋಡು ಆಗಲೇ ಗೊತ್ತಿತ್ತು, ಆ ಆ್ಯಪಿನ ಲೆಕ್ಕದಲ್ಲಿ ಅದರರ್ಥ ಫೋನಿನ ದಿನಾಂಕಕ್ಕೂ ಸರ್ವರಿನ ದಿನಾಂಕಕ್ಕೂ ತಾಳೆಯಿಲ್ಲ ಎಂದು. ತಪ್ಪು ಯಾರ ಕಡೆ ಎಂದು ಹೇಳಿದ್ದು ಮಾತ್ರ ಚಿತ್ರದ ಮೇಲಿನ ಮೂಲೆ. ಕರೆ ಬಂದದ್ದು ಬೆಳಿಗ್ಗೆ ಹನ್ನೊಂದೂವರೆಗೆ, ಚಿತ್ರದಲ್ಲಿದ್ದ ಗಡಿಯಾರ ತೋರಿಸುತ್ತಿದ್ದದ್ದು 4:12. ಮಗ ಸಿಮ್ ಹಾಕುವ ಮೊದಲೇ ಫೋನ್ ಸಿದ್ಧಪಡಿಸಿ, ದಿನಾಂಕವನ್ನು ಕೈಯಾರೆ ಇಟ್ಟಿದ್ದ. ಸೆಟ್ಟಿಂಗ್ಸಿನಲ್ಲಿ ದಿನಾಂಕ ಮತ್ತು ಸಮಯವನ್ನು ನೆಟ್‌ವರ್ಕಿನಿಂದ ತಾನಾಗಿ ತೆಗೆದುಕೊಳ್ಳುವಂತೆ ಮಾಡಿದ ಮೇಲೆ ಬಿಲ್ಲು ಉಳಿಯಿತು. ಗಡಿಯಾರ ತಪ್ಪಿದೆ ಎಂದು ಆಕೆ ಹೇಳುವ ಪ್ರಶ್ನೆಯೇ ಇರಲಿಲ್ಲ, ಅದು ಎರರಿನ ಭಾಗವೆಂದು ಆಕೆಗೆ ತೋರುವುದಾದರೂ ಹೇಗೆ?

ಇದಕ್ಕಾಗಿಯೇ ಚಿತ್ರವನ್ನು ಕತ್ತರಿಸಿ ಕಳಿಸಬೇಡಿ ಎಂದು ಹೇಳುವುದು. ಸಾಧ್ಯವಾದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸುವ ಬದಲು ಡಾಕ್ಯುಮೆಂಟ್ ಆಗಿ ಕಳಿಸಲಿ. ಫೋಟೊ ಆದರೆ ಅದು ಕುಗ್ಗಿ ಸಣ್ಣ ಅಕ್ಷರ ಮಸುಕಾಗಬಹುದು, ಫೈಲಿನ ಮೂಲ ಹೆಸರೂ ಹೋಗುತ್ತದೆ. ಬಹಳಷ್ಟು ಫೋನುಗಳು ಹೆಸರಿನಲ್ಲೇ ದಿನಾಂಕ, ಸಮಯ ಬರೆದಿರುತ್ತವೆ: Screenshot_20250614-101532 ಎಂದರೆ 2025ರ ಜೂನ್ 14, ಬೆಳಿಗ್ಗೆ 10 ಗಂಟೆ 15 ನಿಮಿಷ 32 ಸೆಕೆಂಡು. ಸರ್ವರಿನ ದಾಖಲೆಯಲ್ಲಿ ಅದೇ ಗಳಿಗೆಯನ್ನು ಹುಡುಕಲು ಇದು ಸಾಕು. ಡಾಕ್ಯುಮೆಂಟ್ ಎಂಬುದು ಗ್ರಾಹಕರಿಗೆ ಗೊಂದಲವಾದರೆ ಹಟ ಬೇಡ. ಫೋಟೊ ಆದರೂ ಬರಲಿ.

ಸ್ಕ್ರೀನ್‌ಶಾಟ್ ಬಾರದಿದ್ದರೆ

ಬ್ಯಾಂಕಿನ ಆ್ಯಪ್‌ಗಳಲ್ಲಿ ಬಟನ್ ಸರಿಯಾಗಿಯೇ ಒತ್ತಿದರೂ ಚಿತ್ರ ಬಾರದೆ Can't take screenshot due to security policy ಎಂಬಂಥ ಸಾಲು ಬರಬಹುದು. ಕೆಲವೊಮ್ಮೆ ಚಿತ್ರ ಬಂದರೂ ಪೂರಾ ಕಪ್ಪಾಗಿರುತ್ತದೆ. ಇದು ಗ್ರಾಹಕರ ತಪ್ಪಲ್ಲ, ಫೋನಿನ ದೋಷವೂ ಅಲ್ಲ. ಆ್ಯಪ್ ಮಾಡಿದವರು ಬೇಕೆಂದೇ ಚಿತ್ರಕ್ಕೆ ತಡೆ ಹಾಕಿದ್ದಾರೆ. ಆ ತಡೆ ತೆಗೆಯುವ ದಾರಿ ಹುಡುಕಬೇಡಿ. ಕೋಡನ್ನು ಓದಿಸಿ ಬರೆದುಕೊಳ್ಳಿ. ಇನ್ನೊಂದು ಫೋನ್ ಇದ್ದರೆ, ಖಾತೆ ಸಂಖ್ಯೆಯ ಮೇಲೆ ಬೆರಳಿಟ್ಟು ಮುಚ್ಚಿಸಿ, ಅದರಿಂದ ಫೋಟೊ ತೆಗೆಸಿ.

ಇನ್ನೊಂದು ಬಗೆಯ ಎರರ್ ಇದೆ. ಪರದೆಯ ಕೆಳಗೆ ಕಪ್ಪು ಪಟ್ಟಿಯಲ್ಲಿ ಮೂಡಿ ಮೂರ್ನಾಲ್ಕು ಸೆಕೆಂಡಿನಲ್ಲಿ ತಾನೇ ಮಾಯವಾಗುವುದು. ಬಟನ್ ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. ಇದಕ್ಕೆ ಸ್ಕ್ರೀನ್ ರೆಕಾರ್ಡರ್, ಅಂದರೆ ಪರದೆಯ ವಿಡಿಯೊ ಬೇಕು. ಆಂಡ್ರಾಯ್ಡ್ 11ರಿಂದ ಅದು ಫೋನಿನಲ್ಲೇ ಬರುತ್ತದೆ. ಐಫೋನಿನಲ್ಲಿ 2017ರ ಐಒಎಸ್ 11ರಿಂದ ಇದೆ. ರೆಕಾರ್ಡಿಂಗ್ ಶುರುಮಾಡಿ, ಎರರ್ ಬಂದ ಕೆಲಸವನ್ನು ಇನ್ನೊಮ್ಮೆ ಮಾಡಿಸಿ, ನಿಲ್ಲಿಸಿದರಾಯಿತು.

“ಇನ್ನೊಮ್ಮೆ ಮಾಡಿ” ಎನ್ನುವಾಗ ಒಂದು ಕಡೆ ಮಾತ್ರ ನಾಲಿಗೆ ಹಿಡಿಯಿರಿ. ಹಣ ಕಳಿಸುವಾಗ ಬಂದ ಎರರ್ ಆದರೆ ಚಿತ್ರಕ್ಕೋಸ್ಕರ ಮತ್ತೆ ಕಳಿಸಲು ಹೇಳಲೇಬಾರದು. ಮೊದಲ ಸಲವೇ ಹಣ ಹೋಗಿದ್ದರೆ ಎರಡು ಸಲ ಹೋದಂತಾಗುತ್ತದೆ. ಆ್ಯಪಿನಲ್ಲಿರುವ ಹಳೆಯ ವ್ಯವಹಾರಗಳ ಪಟ್ಟಿ ತೆಗೆಸಿ, ಆ ವ್ಯವಹಾರದ ಪುಟದ ಚಿತ್ರ ತರಿಸಿಕೊಳ್ಳಿ. ಯುಪಿಐ ಆದರೆ ಅಲ್ಲಿರುವ 12 ಅಂಕಿಯ ಉಲ್ಲೇಖ ಸಂಖ್ಯೆಯೇ ಎರರಿನ ಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಂಪ್ಯೂಟರಿಗೆ ಬಂದರೆ, ವಿಂಡೋಸ್‌ನಲ್ಲಿ ಕಿಟಕಿಯ ಗುರುತಿರುವ ಕೀ ಹಿಡಿದು PrtSc ಒತ್ತಿದರೆ ಪೂರ್ತಿ ಪರದೆಯ ಚಿತ್ರ Pictures ಒಳಗಿನ Screenshots ಫೋಲ್ಡರಿಗೆ ಸೇರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ Fn ಕೀಯನ್ನೂ ಹಿಡಿಯಬೇಕು. ಮ್ಯಾಕ್ ಆದರೆ Command, Shift ಹಿಡಿದು 3 ಒತ್ತಬೇಕು, ಚಿತ್ರ ಡೆಸ್ಕ್‌ಟಾಪಿನಲ್ಲಿ ಕೂರುತ್ತದೆ. ಆದರೆ ವಿಂಡೋಸ್‌ನಲ್ಲಿ ಚಿತ್ರಕ್ಕಿಂತ ಸುಲಭದ ಒಂದು ಉಪಾಯವಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. OK ಬಟನ್ ಇರುವ ಮಾಮೂಲಿ ಎರರ್ ಪೆಟ್ಟಿಗೆ ಎದುರಿಗಿದ್ದಾಗ Ctrl ಹಿಡಿದು C ಒತ್ತಿದರೆ ಅದರಲ್ಲಿರುವ ಅಕ್ಷರವೆಲ್ಲ ನಕಲಾಗುತ್ತದೆ. ಇಮೇಲಿನಲ್ಲೋ ವಾಟ್ಸ್‌ಆ್ಯಪ್ ವೆಬ್‌ನಲ್ಲೋ Ctrl ಹಿಡಿದು V ಒತ್ತಿದರೆ ಹೀಗೆ ಬರುತ್ತದೆ:

```
---------------------------
Billing
---------------------------
Bill not saved. Code 1047
---------------------------
OK
---------------------------
```

ಎಲ್ಲ ತಂತ್ರಾಂಶಗಳ ಪೆಟ್ಟಿಗೆಯೂ ಇದಕ್ಕೆ ಬಗ್ಗುವುದಿಲ್ಲ, ವಿಂಡೋಸ್ ತಾನೇ ಒದಗಿಸುವ ಪೆಟ್ಟಿಗೆಯಾದರೆ ಬಗ್ಗುತ್ತದೆ. ಪ್ರಯತ್ನಕ್ಕೆ ಎರಡು ಸೆಕೆಂಡು ಸಾಕು. ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಂತಿದ್ದರೆ ಯಾವ ಕೀಯೂ ಕೆಲಸ ಮಾಡದು, ಮೊಬೈಲಿನಲ್ಲಿ ಫೋಟೊ ತೆಗೆಯುವುದೊಂದೇ ದಾರಿ.

ಪರದೆಯ ಫೋಟೊ ತೆಗೆಸುವಾಗ ಫ್ಲ್ಯಾಶ್ ಆಫ್ ಇರಲಿ, ಇಲ್ಲದಿದ್ದರೆ ನಡುವೆ ಬಿಳಿ ಮಚ್ಚೆ ಕೂರುತ್ತದೆ. ನೇರ ಎದುರು ನಿಲ್ಲದೆ ತುಸು ಓರೆಯಾಗಿ ಹಿಡಿದರೆ ಗಾಜಿನಲ್ಲಿ ತಮ್ಮದೇ ನೆರಳು ಬೀಳುವುದಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಫೋಕಸ್ ಮಾಡಿಸಿ. ತೂಕದ ಯಂತ್ರ, ಇನ್ವರ್ಟರ್ ಮುಂತಾದವುಗಳಲ್ಲಿ ಕೆಂಪಗೆ ಉರಿಯುವ ಅಂಕಿಗಳಿಗೆ ಮಾತ್ರ ಫೋಟೊ ಸಾಲದು. ಆ ಅಂಕಿಗಳು ಒಟ್ಟಿಗೆ ಉರಿಯುವಂತೆ ನಮ್ಮ ಕಣ್ಣಿಗೆ ಕಂಡರೂ ಹಲವು ಯಂತ್ರಗಳಲ್ಲಿ ಒಂದಾದ ಮೇಲೊಂದು ಅತಿ ವೇಗವಾಗಿ ಹತ್ತಿ ಆರುತ್ತಿರುತ್ತವೆ. ಕ್ಯಾಮೆರಾ ಒಂದು ಕ್ಷಣವನ್ನಷ್ಟೇ ಹಿಡಿಯುವುದರಿಂದ ಅಂಕಿ ಅರ್ಧ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಅದಕ್ಕೆ ಹತ್ತು ಸೆಕೆಂಡಿನ ವಿಡಿಯೊ ತೆಗೆಸಿ, ತೆಗೆಯುವಾಗಲೇ ಅಂಕಿಯನ್ನು ಬಾಯಲ್ಲಿ ಹೇಳಲು ತಿಳಿಸಿ.

ಗ್ರಾಹಕರು ನಿಮ್ಮನ್ನು ನಂಬುವುದು ಹೇಗೆ?

“ಪರದೆಯ ಚಿತ್ರ ಕಳಿಸಿ” ಎಂಬ ಮಾತನ್ನು ಮೋಸಗಾರರೂ ಆಡುತ್ತಾರೆ. ಹೀಗಾಗಿ ಗ್ರಾಹಕರು ಹಿಂಜರಿದರೆ ಬೇಸರಿಸಬೇಡಿ, ಅವರು ಮಾಡುತ್ತಿರುವುದು ಸರಿ. “ಕರೆ ಇಟ್ಟು, ನಿಮ್ಮ ಬಿಲ್ಲಿನ ಮೇಲಿರುವ ನಮ್ಮ ನಂಬರಿಗೆ ನೀವೇ ಮಾಡಿ” ಎನ್ನಿ. ದೂರದಿಂದಲೇ ಫೋನ್ ನಡೆಸುವ ಆ್ಯಪ್ ಹಾಕಿಸಿ ಚಿತ್ರ ತೆಗೆಯುವುದು ಸುಲಭ ಎಂದು ಕೆಲವರು ಹೇಳುತ್ತಾರೆ. ಒಂದು ಎರರಿನ ಚಿತ್ರಕ್ಕೋಸ್ಕರ ಅದನ್ನು ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿನ ಆ್ಯಪ್ ಇರುವ ಫೋನಿನಲ್ಲಿ ಅಂಥದ್ದನ್ನು ಹಾಕಿಕೊಳ್ಳುವುದು ಮಾಮೂಲು ಎಂದು ಗ್ರಾಹಕರಿಗೆ ಒಮ್ಮೆ ಕಲಿಸಿಕೊಟ್ಟರೆ, ನಾಳೆ ಮೋಸಗಾರ ಕೇಳಿದಾಗಲೂ ಹಾಕಿಕೊಳ್ಳುತ್ತಾರೆ.

ಕಳಿಸುವ ಮುನ್ನ ಚಿತ್ರದಲ್ಲಿ ಒಟಿಪಿ, ಕಾರ್ಡ್ ನಂಬರ್, ಆಧಾರ್ ಸಂಖ್ಯೆ ಇದೆಯೇ ಎಂದು ಕೇಳಿ. ಮೇಲಿನಿಂದ ಇಳಿದ ಮೆಸೇಜಿನಲ್ಲಿ ಒಟಿಪಿ ಕಾಣುವುದು ಉಂಟು. ಇದ್ದರೆ ಆ ಪಟ್ಟಿ ಮರೆಯಾಗುವ ತನಕ ಕಾದು ಇನ್ನೊಂದು ಚಿತ್ರ ತೆಗೆಸಿ. ಅದನ್ನು ಅಳಿಸಲು ಬಣ್ಣ ಬಳಿಯುವುದನ್ನು ಕಲಿಸುತ್ತಾ ಕೂರುವುದಕ್ಕಿಂತ ಇದು ಸುಲಭ. ಹೀಗೆ ಚಿತ್ರ ಕಳಿಸಿ ಯಾರಾದರೂ ಹಣ ಕಳೆದುಕೊಂಡದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಿ, ಅದು ಸೈಬರ್ ಹಣಕಾಸು ವಂಚನೆಯ ಸಹಾಯವಾಣಿ. ದೂರನ್ನು cybercrime.gov.in ತಾಣದಲ್ಲೂ ದಾಖಲಿಸಬಹುದು.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ?

ಖರ್ಚು ಇಲ್ಲವೆಂದೇ ಹೇಳಬೇಕು. ಸ್ಕ್ರೀನ್‌ಶಾಟಿಗೆ ಬೇಕಾದದ್ದೆಲ್ಲ ಫೋನಿನಲ್ಲೇ ಇದೆ. ಅದಕ್ಕೆಂದು ಪ್ಲೇಸ್ಟೋರಿನಿಂದ ಬೇರೆ ಆ್ಯಪ್ ಹಾಕಿಸಬೇಡಿ, ಹಣ ಕೊಡುವುದಂತೂ ಬೇಡವೇ ಬೇಡ. ಒಂದು ಚಿತ್ರ ಕೆಲವು ನೂರು ಕೆಬಿಯಿಂದ ಒಂದೆರಡು ಎಂಬಿಯ ತನಕ ಇರುತ್ತದೆ. ವಿಡಿಯೊ ಮಾತ್ರ ಹತ್ತು ಸೆಕೆಂಡಿಗೇ ಹತ್ತಿಪ್ಪತ್ತು ಎಂಬಿ ಆಗಬಹುದು, ಆದ್ದರಿಂದ ಅದನ್ನು ಚಿಕ್ಕದಾಗಿ ತೆಗೆಸಿ. ಜಿಮೇಲ್‌ನಲ್ಲಿ ಲಗತ್ತಿಗೆ 25 ಎಂಬಿಯ ಮಿತಿ ಇದೆ ಎಂಬುದೂ ನೆನಪಿರಲಿ.

ತೆಗೆದ ಚಿತ್ರ ಸಿಗದಿದ್ದರೆ ಆಂಡ್ರಾಯ್ಡಿನಲ್ಲಿ ಗ್ಯಾಲರಿಯ ಒಳಗಿನ Screenshots ಎಂಬ ಆಲ್ಬಮ್ ನೋಡಿಸಿ, ಐಫೋನಿನಲ್ಲಿ ಫೋಟೋಸ್‌ನ ಕೊನೆಯ ಚಿತ್ರವೇ ಅದು. ನೀವು ಕಂಡಿರದ ಫೋನಾದರೆ, ಎರರಿನ ಕೆಲಸ ಮುಗಿದ ಮೇಲೆ, ಸೆಟ್ಟಿಂಗ್ಸಿನ ಮೇಲಿರುವ ಹುಡುಕುವ ಪಟ್ಟಿಯಲ್ಲಿ screenshot ಎಂದು ಟೈಪ್ ಮಾಡಿಸಿ. ಹಲವು ಫೋನುಗಳಲ್ಲಿ ಅದಕ್ಕಿರುವ ಸೆಟ್ಟಿಂಗ್ ಅಲ್ಲೇ ಸಿಗುತ್ತದೆ. ಬೆರಳು ನಡುಗುವ ಹಿರಿಯರಿಗೆ ಆಂಡ್ರಾಯ್ಡಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆಕ್ಸೆಸಿಬಿಲಿಟಿ ಮೆನು ಎಂಬುದಿದೆ. ಅದನ್ನು ಆನ್ ಮಾಡಿಟ್ಟರೆ ಪರದೆಯ ಮೇಲೇ ಸ್ಕ್ರೀನ್‌ಶಾಟಿನ ದೊಡ್ಡ ಗುಂಡಿ ಸಿಗುತ್ತದೆ. ಐಫೋನಿನಲ್ಲಿ ಇದೇ ಕೆಲಸಕ್ಕೆ ಅಸಿಸ್ಟಿವ್ ಟಚ್ ಇದೆ. ಮನೆಗೆ ಬಂದ ಮಗನಿಂದಲೋ ಸೊಸೆಯಿಂದಲೋ ಇದನ್ನು ಒಮ್ಮೆ ಮಾಡಿಸಿಟ್ಟುಕೊಳ್ಳಲು ಹೇಳಿ.

ಸ್ಕ್ರಿಪ್ಟಿನ ಹಾಳೆ ಎಲ್ಲೂ ಮಾರಾಟಕ್ಕಿಲ್ಲ, ನೀವೇ ಬರೆದುಕೊಳ್ಳಬೇಕು. ಎ4 ಹಾಳೆಯ ಒಂದು ಮಗ್ಗುಲು ಸಾಕು. ಎಡಗಡೆ ನೀವು ಆಡುವ ಮಾತು, ಬಲಗಡೆ “ಕಪ್ಪಾಯಿತು”, “ಪಟ್ಟಿ ಬಂತು”, “ಮಿಂಚಿತು” ಎಂದು ಗ್ರಾಹಕರು ಕೊಡುವ ಉತ್ತರ, ಒಂದೊಂದರ ಮುಂದೆ ಮುಂದಿನ ಹೆಜ್ಜೆ. ಬಲಗಡೆ ಸ್ವಲ್ಪ ಜಾಗ ಖಾಲಿ ಬಿಡಿ. ಹಾಳೆಯಲ್ಲಿ ಇಲ್ಲದ ಉತ್ತರ ಬಂದ ದಿನ ಅದನ್ನು ಗ್ರಾಹಕರು ಹೇಳಿದ ಮಾತಿನಲ್ಲೇ ಅಲ್ಲಿ ಬರೆದು, ಏನು ಮಾಡಿಸಿದಾಗ ಸರಿಯಾಯಿತು ಎಂಬುದನ್ನೂ ಪಕ್ಕಕ್ಕೆ ಸೇರಿಸಿ.